ಎಲ್ಲ ಸುಖದಲ್ಲೂ ರಾಗ ಇರುತ್ತಾ? ಧಮ್ಮದಿನ್ನಾ ಕೊಟ್ಟ ಉತ್ತರ

ಬುದ್ಧನ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: "ಅವನು ಸುಖವೇ ಬೇಡ ಅಂದವನು, ಅಲ್ವಾ?" ಈ ಪ್ರಶ್ನೆಯನ್ನು ಎರಡೂವರೆ ಸಾವಿರ ವರ್ಷದ ಹಿಂದೆಯೇ ಒಬ್ಬ ಕೇಳಿದ್ದ. ಇನ್ನೂ ಚೂಪಾಗಿ ಕೇಳಿದ್ದ. ಉತ್ತರ ಕೊಟ್ಟವಳು ಆಗಷ್ಟೇ ಸಂಘ ಸೇರಿದ್ದ ಒಬ್ಬ ಭಿಕ್ಖುಣಿ, ಧಮ್ಮದಿನ್ನಾ. ಕೇಳಿದವನು ವಿಸಾಖ. ಬುದ್ಧನ ಮಾತುಗಳಿಗೆ ಆಮೇಲೆ ಬಂದ ಪಾಲಿ ವ್ಯಾಖ್ಯಾನಗಳಾದ ಅಟ್ಠಕಥೆಗಳ ಪ್ರಕಾರ ಅವನು ಒಂದು ಕಾಲಕ್ಕೆ ಅವಳ ಗಂಡ.

ಅವರಿಬ್ಬರ ಮಾತುಕತೆ ಪಾಲಿ ಸೂತ್ರಗಳ ಸಂಗ್ರಹವಾದ ಮಜ್ಝಿಮ ನಿಕಾಯದ 44ನೆಯ ಸುತ್ತದಲ್ಲಿ, ಅಂದರೆ ಸೂತ್ರದಲ್ಲಿ, ಇದೆ. ಅದರ ಹೆಸರು ಚೂಳವೇದಲ್ಲ. ನಾನು ಮತ್ತೆ ಮತ್ತೆ ತೆರೆದು ಓದುವ ಸುತ್ತ ಇದು. ಇಲ್ಲಿ ಉಪದೇಶ ಅನ್ನುವುದು ಇಲ್ಲವೇ ಇಲ್ಲ. ಅವನು ಕೇಳುತ್ತಾನೆ, ಅವಳು ಹೇಳುತ್ತಾಳೆ. ಅವಳು ಹೇಳಿದ್ದನ್ನೇ ಹಿಡಿದು ಅವನು ಮುಂದಿನ ಪ್ರಶ್ನೆ ಹಾಕುತ್ತಾನೆ.

ಮೊದಲು ಕಥೆ ಹೇಳುತ್ತೇನೆ. ವಿಸಾಖ ರಾಜಗೃಹದ ಸಿರಿವಂತ. ಬುದ್ಧನ ಮಾತು ಕೇಳುತ್ತಾ ಕೇಳುತ್ತಾ ಅವನು ಅನಾಗಾಮಿಯಾದ. ಅಂದರೆ ಕಾಮದ ಆಸೆ ಮತ್ತು ದ್ವೇಷ ಎರಡೂ ಪೂರ್ತಿ ಹೋದವನು, ಕೊನೆಯ ಮೆಟ್ಟಿಲು ಮಾತ್ರ ಬಾಕಿ ಇರುವವನು. ಅವತ್ತು ಮನೆಗೆ ಬಂದ. ಧಮ್ಮದಿನ್ನಾ ಎಂದಿನಂತೆ ಮೆಟ್ಟಿಲ ಬಳಿ ನಿಂತು ಕೈ ಚಾಚಿದಳು. ಅವನು ಆ ಕೈ ಹಿಡಿಯಲಿಲ್ಲ. ಊಟಕ್ಕೆ ಕೂತಾಗಲೂ ಮಾತಾಡಲಿಲ್ಲ. ತನ್ನಿಂದ ಏನು ತಪ್ಪಾಯಿತು ಅಂತ ಅವಳು ಕೇಳಿದಳು. ನಿನ್ನದೇನೂ ತಪ್ಪಿಲ್ಲ, ಇನ್ನು ನಮ್ಮಿಬ್ಬರ ನಡುವೆ ಗಂಡ ಹೆಂಡತಿಯ ಸಂಬಂಧ ಇರುವುದಿಲ್ಲ, ಅಷ್ಟೆ ಅಂದ. ಬೇಕಾದಷ್ಟು ಆಸ್ತಿ ತಗೋ, ಇಲ್ಲೇ ಇರು, ಇಲ್ಲವೇ ತವರಿಗೆ ಹೋಗು ಅಂತಲೂ ಹೇಳಿದ.

ಅವಳು ಎರಡನ್ನೂ ಒಪ್ಪಲಿಲ್ಲ. ನೀವು ಬೇಡವೆಂದು ಬಿಟ್ಟದ್ದನ್ನು ನಾನು ಯಾಕೆ ಹೊರಬೇಕು, ನನಗೂ ಪಬ್ಬಜ್ಜೆ, ಅಂದರೆ ಸನ್ಯಾಸದ ದೀಕ್ಷೆ, ಕೊಡಿಸಿ ಅಂದಳು. ವಿಸಾಖ ಅವಳನ್ನು ಚಿನ್ನದ ಪಲ್ಲಕ್ಕಿಯಲ್ಲಿ ಕೂರಿಸಿ ಭಿಕ್ಖುಣಿಯರ ಬಳಿಗೆ ಕಳಿಸಿದ. ಪಟ್ಟಣದ ಗದ್ದಲ ಅವಳಿಗೆ ಹಿಡಿಸಲಿಲ್ಲ. ಹಳ್ಳಿಯ ಕಡೆ ಒಂದು ಆವಾಸಕ್ಕೆ ಹೋದಳು. ಅಲ್ಲಿ ಬೇಗನೆ ಅರಹಂತಳಾದಳು, ಅಂದರೆ ಪೂರ್ತಿ ಬಿಡುಗಡೆ ಪಡೆದಳು. ಆಮೇಲೆ ರಾಜಗೃಹಕ್ಕೆ ವಾಪಸ್ ಬಂದಳು.

ಅವಳು ಬಂದ ಸುದ್ದಿ ವಿಸಾಖನಿಗೆ ಮುಟ್ಟಿತು. ಇಷ್ಟು ಬೇಗ ಯಾಕೆ ಬಂದಳು? ಆ ಬದುಕು ಒಗ್ಗಲಿಲ್ಲವೇ? ಬಾಯಿಬಿಟ್ಟು ಹಾಗೆ ಕೇಳುವುದು ಸರಿ ಅನ್ನಿಸಲಿಲ್ಲ. ಧಮ್ಮದ ಪ್ರಶ್ನೆ ಕೇಳಿದರೆ ಗೊತ್ತಾಗುತ್ತದೆ ಅಂದುಕೊಂಡ.

ಇಷ್ಟೂ ಅಟ್ಠಕಥೆಯಿಂದ ಬಂದದ್ದು. ಅದು ಈಗಿರುವ ರೂಪಕ್ಕೆ ಬಂದದ್ದು ಐದನೆಯ ಶತಮಾನದ ಹೊತ್ತಿಗೆ, ಬುದ್ಧಘೋಷನ ಕೈಯಲ್ಲಿ. ಸುತ್ತದಲ್ಲಿ ಮದುವೆಯ ಮಾತೇ ಇಲ್ಲ. ಸುತ್ತ ಹೇಳುವುದು ಇಷ್ಟೇ: ಭಗವಂತ ರಾಜಗೃಹದ ವೇಳುವನದಲ್ಲಿ, ಅಳಿಲುಗಳಿಗೆ ಕಾಳು ಹಾಕುವ ಜಾಗದಲ್ಲಿ ಇದ್ದ. ಆಗ ಉಪಾಸಕ ವಿಸಾಖ ಧಮ್ಮದಿನ್ನಾ ಭಿಕ್ಖುಣಿಯ ಬಳಿ ಬಂದು, ನಮಸ್ಕರಿಸಿ, ಒಂದು ಪಕ್ಕಕ್ಕೆ ಕೂತ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಚೀನೀ ಭಾಷೆಗೆ ಹೋದ, ಮಜ್ಝಿಮ ನಿಕಾಯಕ್ಕೆ ಸಾಟಿಯಾದ ಮಧ್ಯಮ ಆಗಮದಲ್ಲೂ ಈ ಮಾತುಕತೆ ಇದೆ. ಅಲ್ಲಿ ಊರು ಶ್ರಾವಸ್ತಿ. ಪ್ರಶ್ನೆ ಕೇಳುವವಳು ವಿಶಾಖಾ ಅನ್ನುವ ಉಪಾಸಿಕೆ, ಹೆಂಗಸು! ಹಾಗಾಗಿ ಗಂಡ ಹೆಂಡತಿಯ ಕಥೆಯನ್ನು ಇತಿಹಾಸ ಅಂತ ನಾನು ಸಾಧಿಸಲು ಹೋಗುವುದಿಲ್ಲ. ಆದರೂ ಅದನ್ನು ಬಿಟ್ಟು ಓದಲು ಮನಸ್ಸು ಬರುವುದಿಲ್ಲ. ಕೈ ಚಾಚಿದಾಗ ಹಿಡಿಯದೇ ಹೋದವನ ಮುಂದೆ ಕೂತು ಸುಖ ಎಂದರೇನು, ದುಃಖ ಎಂದರೇನು ಅಂತ ಹೇಳಬೇಕಾದವಳು ಇವಳು. ಆ ಕಥೆಯನ್ನು ಕಟ್ಟಿದವರು ಈ ಸುತ್ತವನ್ನು ಚೆನ್ನಾಗಿ ಓದಿಕೊಂಡವರೇ.

ಈಗ ಮಾತುಕತೆಗೆ ಬರೋಣ. ವಿಸಾಖ ಅವಳನ್ನು ಕರೆಯುವುದು "ಅಯ್ಯೇ" ಅಂತ, ಪೂಜ್ಯಳಾದ ಹೆಂಗಸನ್ನು ಕರೆಯುವ ಹಾಗೆ. ಅವಳು ಅವನನ್ನು "ಆವುಸೋ ವಿಸಾಖ" ಅನ್ನುತ್ತಾಳೆ, ಸರಿಸಮರನ್ನೋ ಕಿರಿಯರನ್ನೋ ಕರೆಯುವ ಹಾಗೆ. ಒಂದೇ ಮನೆಯಲ್ಲಿದ್ದಾಗ ಇದು ತಿರುಗುಮುರುಗಾಗಿ ಇದ್ದಿರಬೇಕು.

ಮೊದಲ ಪ್ರಶ್ನೆ ಪಾಠದ ಹುಡುಗ ಕೇಳುವಂಥದ್ದು. "ಅಯ್ಯೇ, ಜನ 'ನಾನು' ಅಂತ ಹಿಡಿದುಕೊಳ್ಳುತ್ತಾರಲ್ಲ, ಅದನ್ನು ಭಗವಂತರು ಏನೆಂದು ಹೇಳಿದ್ದಾರೆ?" ಅವಳು ಐದನ್ನು ಹೇಳುತ್ತಾಳೆ: ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ. ಸರಳವಾಗಿ ಹೇಳಬೇಕೆಂದರೆ ಮೈ, ಹಿತ ಅಹಿತದ ಅನುಭವ, ಗುರುತು ಹಿಡಿಯುವುದು, ಮನಸ್ಸಿನ ಒಲವು ನಿರ್ಧಾರಗಳು, ಅರಿವು. ಇವಕ್ಕೆ ಉಪಾದಾನ, ಅಂದರೆ ಅಂಟಿಕೊಳ್ಳುವುದು, ಸೇರಿಕೊಂಡಾಗ 'ನಾನು' ಅನ್ನುವುದು ಎದ್ದು ನಿಲ್ಲುತ್ತದೆ.

"ಸಾಧು, ಅಯ್ಯೇ" ಅಂದ ವಿಸಾಖ. ಸುತ್ತದಲ್ಲಿ ಅವನು ಉತ್ತರ ಕೇಳಿ ಹೀಗೆ ಮೆಚ್ಚಿಕೊಂಡೇ ಮುಂದೆ ಹೋಗುವುದು. ಆದರೆ ಸ್ವಲ್ಪ ಹೊತ್ತಿಗೇ ಅವನ ಕೈಯಲ್ಲಿ ಕತ್ತರಿ ಕಾಣಿಸುತ್ತದೆ.

"ಅಯ್ಯೇ, ಆ ಅಂಟು ಈ ಐದೂ ಒಂದೇನಾ? ಅಥವಾ ಅಂಟು ಈ ಐದರಿಂದ ಬೇರೆಯಾ?"

ಇದು ಬಲೆ. ಒಂದೇ ಅಂದರೆ, ಮೈ ಮನಸ್ಸು ಇರುವವರೆಗೂ ಅಂಟು ಇದ್ದೇ ಇರುತ್ತದೆ. ಹಾಗಾದರೆ ಬದುಕಿರುವ ಯಾರಿಗೂ ಬಿಡುಗಡೆ ಇಲ್ಲ, ಎದುರಿಗೇ ವೇಳುವನದಲ್ಲಿರುವ ಬುದ್ಧನಿಗೂ ಇಲ್ಲ. ಬೇರೆ ಅಂದರೆ, ಅಂಟು ಎಲ್ಲೋ ಹೊರಗೆ ಇದೆ ಅಂತಾಯಿತು. ಮೈ ಮನಸ್ಸನ್ನು ಗಮನಿಸುತ್ತಾ ಕೂರುವ ಅಭ್ಯಾಸಕ್ಕೆ ಆಗ ಅರ್ಥವೇ ಉಳಿಯುವುದಿಲ್ಲ.

ಧಮ್ಮದಿನ್ನಾ ಎರಡಕ್ಕೂ ಸಿಗಲಿಲ್ಲ. "ವಿಸಾಖ, ಅಂಟು ಈ ಐದೇ ಅಲ್ಲ, ಈ ಐದನ್ನು ಬಿಟ್ಟು ಬೇರೆಯೂ ಅಲ್ಲ. ಈ ಐದರ ಮೇಲೆ ಇರುವ ಆಸೆ, ರಾಗ ಯಾವುದೋ ಅದೇ ಅಲ್ಲಿರುವ ಅಂಟು."

ಕಣ್ಣು ಬಿಡಬೇಕಾಗಿಲ್ಲ, ನೋಟ ಬಿಡಬೇಕಾಗಿಲ್ಲ. ಅದರ ಮೇಲಿನ ರಾಗ ಹೋದರೆ ಸಾಕು. ಮುಂದೆ ಸುಖದ ಬಗ್ಗೆ ಅವಳು ಹೇಳುವುದಕ್ಕೆಲ್ಲ ಬುನಾದಿ ಇಲ್ಲೇ ಬಿತ್ತು.

ಆಮೇಲೆ ಮಾತು ಎಂಟು ಅಂಗಗಳ ಮಾರ್ಗಕ್ಕೆ, ಸಮಾಧಿಗೆ, ಸಂಜ್ಞೆ ಮತ್ತು ವೇದನೆ ನಿಂತೇಹೋಗುವ ಆಳದ ಸ್ಥಿತಿಗೆ ಹೋಗುತ್ತದೆ. ಅಲ್ಲಿ ಒಳ್ಳೆಯ ವಿಷಯಗಳಿವೆ. ನಾನು ದಾಟಿ ಹೋಗುತ್ತೇನೆ, ಯಾಕೆಂದರೆ ನನಗೆ ವೇದನೆಯ ಪ್ರಶ್ನೆಗೆ ಬರಬೇಕಾಗಿದೆ.

ಇಲ್ಲಿ ವೇದನೆ ಅಂದರೆ ಬರೀ ನೋವಲ್ಲ, ಎಲ್ಲ ಬಗೆಯ ಅನುಭವವೂ ಸೇರಿತು. ವೇದನೆ ಎಷ್ಟು ಅಂತ ವಿಸಾಖ ಕೇಳಿದ. ಮೂರು ಅಂದಳು: ಸುಖದ್ದು, ದುಃಖದ್ದು, ಎರಡೂ ಅಲ್ಲದ್ದು. ಸುಖದ ವೇದನೆಯಲ್ಲಿ ಸುಖ ಯಾವುದು, ದುಃಖ ಯಾವುದು ಅಂತ ಅವನು ಕೆದಕಿದ. ಅದಕ್ಕೆ ಅವಳು ಕೊಟ್ಟ ಉತ್ತರ ನನಗೆ ಬಾಯಿಪಾಠ ಆಗಿಹೋಗಿದೆ.

"ಸುಖದ ವೇದನೆ ಇರುವಷ್ಟು ಹೊತ್ತು ಸುಖ, ಬದಲಾದಾಗ ದುಃಖ. ದುಃಖದ ವೇದನೆ ಇರುವಷ್ಟು ಹೊತ್ತು ದುಃಖ, ಬದಲಾದಾಗ ಸುಖ. ಎರಡೂ ಅಲ್ಲದ್ದು ತಿಳಿದಾಗ ಸುಖ, ತಿಳಿಯದಿದ್ದಾಗ ದುಃಖ."

ರಾತ್ರಿಯೆಲ್ಲ ಹಲ್ಲುನೋವು ಅನುಭವಿಸಿದವರಿಗೆ ನಡುವಿನ ಮಾತು ಗೊತ್ತು. ನೋವು ಇಳಿದ ಬೆಳಗ್ಗೆ ಹೊಸದೇನೂ ಸಿಕ್ಕಿರುವುದಿಲ್ಲ, ಆದರೂ ಏನೋ ಸಿಕ್ಕ ಹಾಗೆ ಇರುತ್ತದೆ. ಮೂರನೆಯ ಮಾತಿಗೆ ನಾನು ತುಂಬ ದಿನ ಗಮನ ಕೊಟ್ಟಿರಲಿಲ್ಲ. ನಮ್ಮ ದಿನದ ಬಹುಪಾಲು ಆ ಮೂರನೆಯ ಬಗೆಯಲ್ಲೇ ಕಳೆಯುತ್ತದೆ. ಹಿತವೂ ಇಲ್ಲ, ನೋವೂ ಇಲ್ಲ, ಸುಮ್ನೆ ಇರುವುದು. ಅದನ್ನು ಗಮನಿಸದಿದ್ದರೆ ಬೇಜಾರು ಅನ್ನಿಸಿ ಏನಾದರೂ ಹುಡುಕುತ್ತೇವೆ. ಗಮನಿಸಿದರೆ ಅದೇ ನೆಮ್ಮದಿ. ಅವಳು ಇಲ್ಲಿ ಅನುಭವದ ಹೆಸರು ಹೇಳಿ ನಿಲ್ಲಿಸಲಿಲ್ಲ. ಅದು ಹೇಗೆ ತಿರುಗುತ್ತದೆ ಅನ್ನುವುದನ್ನು ತೋರಿಸಿಕೊಟ್ಟಳು.

ವಿಸಾಖ ಮತ್ತೂ ಒಳಗೆ ಹೋದ. "ಸುಖದ ವೇದನೆಯ ಹಿಂದೆ ಯಾವ ಅನುಶಯ ಅಡಗಿರುತ್ತದೆ?"

ಅನುಶಯ ಅಂದರೆ ಮೇಲೆ ಕಾಣದೆ ಒಳಗೇ ಮಲಗಿರುವ ಒಲವು. ಹೊಲದಲ್ಲಿ ಜೇಕು ಕಿತ್ತು ಹಾಕಿದ ಮೇಲೂ ಮಣ್ಣಲ್ಲಿ ಗಡ್ಡೆ ಉಳಿದಿರುತ್ತದಲ್ಲ, ಹಾಗೆ. ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ.

"ಸುಖದ ಹಿಂದೆ ರಾಗ ಅಡಗಿರುತ್ತದೆ. ದುಃಖದ ಹಿಂದೆ ಪಟಿಘ, ಅಂದರೆ ಸಿಡಿದು ತಳ್ಳುವ ಸ್ವಭಾವ. ಎರಡೂ ಅಲ್ಲದರ ಹಿಂದೆ ಅವಿದ್ಯೆ."

ಇದು ಎಲ್ಲರಿಗೂ ಗೊತ್ತಿದ್ದ ಉತ್ತರ. ಬೇರೆಯವರಾಗಿದ್ದರೆ ಇಲ್ಲಿಗೆ "ಸಾಧು" ಅಂದು ಎದ್ದು ಹೋಗುತ್ತಿದ್ದರು. ವಿಸಾಖ ಕೇಳಿದ: "ಅಯ್ಯೇ, *ಎಲ್ಲ* ಸುಖದ ಹಿಂದೆಯೂ ರಾಗ ಇರುತ್ತದಾ? *ಎಲ್ಲ* ದುಃಖದ ಹಿಂದೆಯೂ ಪಟಿಘ ಇರುತ್ತದಾ? ಎರಡೂ ಅಲ್ಲದ *ಎಲ್ಲದರ* ಹಿಂದೆಯೂ ಅವಿದ್ಯೆ ಇರುತ್ತದಾ?"

ಆ ಊರಲ್ಲಿ ಇದು ಪುಸ್ತಕದ ಪ್ರಶ್ನೆ ಆಗಿರಲಿಲ್ಲ. ರಾಜಗೃಹದ ಸುತ್ತಲಿನ ಬೆಟ್ಟಗಳಲ್ಲಿ ಇಸಿಗಿಲಿ ಅಂತ ಒಂದಿದೆ. ಅದರ ಇಳಿಜಾರಿನಲ್ಲಿ ನಿಗಂಠರು, ಅಂದರೆ ಜೈನ ಮುನಿಗಳು, ಕೂರದೆ ನಿಂತೇ ತಪಸ್ಸು ಮಾಡುತ್ತಿದ್ದರು ಅಂತ ಇನ್ನೊಂದು ಸುತ್ತ ಹೇಳುತ್ತದೆ. ಅವರ ಜೊತೆ ಬುದ್ಧ ಮಾತಾಡಿದಾಗ ಅವರು ಹೇಳಿದ್ದು: ಸುಖದಿಂದ ಸುಖ ಸಿಗುವುದಿಲ್ಲ, ದುಃಖದಿಂದಲೇ ಸುಖ ಸಿಗುವುದು. ಅದು ಪ್ರಾಮಾಣಿಕ ನಿಲುವು, ಮೈಯಿಂದ ಬೆಲೆ ಕೊಟ್ಟು ಹಿಡಿದ ನಿಲುವು. ಬುದ್ಧನೂ ಮೊದಲು ಆ ದಾರಿ ಹಿಡಿದಿದ್ದವನೇ. ಉಪವಾಸ ಮಾಡಿ ಬಡಕಲಾದಾಗ ಅವನಿಗೆ ಚಿಕ್ಕಂದಿನ ಒಂದು ನೆನಪು ಬಂತು. ಅಪ್ಪ ಕೆಲಸದಲ್ಲಿದ್ದಾಗ ನೇರಳೆ ಮರದ ನೆರಳಲ್ಲಿ ಕೂತಿದ್ದ ಅವನ ಮನಸ್ಸು ತಾನೇ ತಾನಾಗಿ ಮೊದಲ ಝಾನಕ್ಕೆ, ಅಂದರೆ ಆಳದ ಧ್ಯಾನದ ಮೊದಲ ಹಂತಕ್ಕೆ, ಇಳಿದಿತ್ತು. ಕಾಮಕ್ಕೆ ಸಂಬಂಧವೇ ಇಲ್ಲದ ಆ ಸುಖಕ್ಕೆ ನಾನು ಯಾಕೆ ಹೆದರುತ್ತಿದ್ದೇನೆ ಅಂತ ತನ್ನನ್ನೇ ಕೇಳಿಕೊಂಡ. ಅವನ ದಾರಿ ತಿರುಗಿದ್ದು ಅಲ್ಲಿ.

ಧಮ್ಮದಿನ್ನಾ "ಇಲ್ಲ" ಅಂದಳು. ಎಲ್ಲ ಸುಖದ ಹಿಂದೆ ರಾಗ ಇರುವುದಿಲ್ಲ. ಎಲ್ಲ ದುಃಖದ ಹಿಂದೆ ಪಟಿಘ ಇರುವುದಿಲ್ಲ. ಎರಡೂ ಅಲ್ಲದ ಎಲ್ಲದರ ಹಿಂದೆ ಅವಿದ್ಯೆ ಇರುವುದಿಲ್ಲ.

ಅವಳು ಬರೀ ಇಲ್ಲ ಅಂದು ಬಿಡಲಿಲ್ಲ. ಮೂರಕ್ಕೂ ಒಂದೊಂದು ಉದಾಹರಣೆ ಕೊಟ್ಟಳು.

ಸುಖಕ್ಕೆ ಅವಳು ಕೊಟ್ಟದ್ದು ಅದೇ ಮೊದಲ ಝಾನ. ಒಬ್ಬ ಸಾಧಕ ಕಾಮದಿಂದ, ಕೆಟ್ಟ ಯೋಚನೆಗಳಿಂದ ದೂರ ಸರಿದು ಕೂರುತ್ತಾನೆ. ಮನಸ್ಸಿನಲ್ಲಿ ವಿಚಾರ ಇನ್ನೂ ಓಡಾಡುತ್ತಿರುತ್ತದೆ, ಆದರೆ ದೂರ ಸರಿದದ್ದರಿಂದಲೇ ಹುಟ್ಟಿದ ಹಿಗ್ಗು ಮತ್ತು ಸುಖ ಇರುತ್ತದೆ. "ಅದರಿಂದ ಅವನು ರಾಗವನ್ನು ಬಿಡುತ್ತಾನೆ. ಅಲ್ಲಿ ರಾಗ ಅಡಗಿರುವುದಿಲ್ಲ." ಸುಖ ಇದೆ, ಧಾರಾಳವಾಗಿ ಇದೆ. ಅದು ರಾಗವನ್ನು ಸಾಕುವ ಬದಲು ಅದನ್ನು ಬಿಡಿಸುವ ಕೆಲಸ ಮಾಡುತ್ತಿದೆ.

ಇದನ್ನು ಸುಲಭ ಮಾಡಿಕೊಂಡು, ಹಾಗಾದರೆ ಯಾವ ಸುಖವಾದರೂ ಸರಿ ಅಂತ ಓದಬಾರದು. ಅವಳು ಪರವಾನಗಿ ಕೊಟ್ಟದ್ದು ಎಲ್ಲ ಸುಖಕ್ಕಲ್ಲ. ಅವಳ ಮಾತಿನಲ್ಲಿ ಒಂದು ಅಳತೆಗೋಲು ಇದೆ: ಈ ಸುಖದಿಂದ ರಾಗ ಕಡಿಮೆಯಾಗುತ್ತಿದೆಯಾ, ಜಾಸ್ತಿಯಾಗುತ್ತಿದೆಯಾ? ಧ್ಯಾನ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಇವತ್ತು ಬೆಳಗ್ಗೆ ಕೂತಾಗ ಬಂದ ಶಾಂತಿ ಇವತ್ತಿಗೆ ಸರಿ. ನಾಳೆಯೂ ಅದೇ ಬರಲಿ ಅಂತ ಕಾದು ಕೂತರೆ, ಬರದಿದ್ದಾಗ ಸಿಡುಕು ಬಂದರೆ, ಅಲ್ಲಿಗೆ ಆ ಸುಖದ ಹಿಂದೆ ರಾಗ ಸೇರಿಕೊಂಡಿತು ಅಂತ ಅರ್ಥ. ನನಗೆ ಗುರುತು ಸಿಗುವುದು ಆ ಸಿಡುಕಿನಿಂದಲೇ. ಕೂತಾಗ ಏನೂ ಗೊತ್ತಾಗಿರುವುದಿಲ್ಲ. ಎದ್ದ ಮೇಲೆ ಮನೆಯವರ ಜೊತೆ ಮಾತಾಡುವಾಗ ಗೊತ್ತಾಗುತ್ತದೆ.

ದುಃಖಕ್ಕೆ ಅವಳು ಕೊಟ್ಟ ಉದಾಹರಣೆ ಇನ್ನೂ ಅಪರೂಪದ್ದು. ಒಬ್ಬ ಸಾಧಕ ಯೋಚಿಸುತ್ತಾನೆ: "ಬಿಡುಗಡೆ ಪಡೆದ ಆರ್ಯರು ಈಗ ಇರುವ ಆ ನೆಲೆಗೆ ನಾನು ಯಾವಾಗ ಮುಟ್ಟುತ್ತೇನೋ?" ಆ ಹಂಬಲದಿಂದ ಅವನಿಗೆ ಬೇಸರ, ಸಂಕಟ ಹುಟ್ಟುತ್ತದೆ. "ಅದರಿಂದ ಅವನು ಪಟಿಘವನ್ನು ಬಿಡುತ್ತಾನೆ. ಅಲ್ಲಿ ಪಟಿಘ ಅಡಗಿರುವುದಿಲ್ಲ."

ಬುದ್ಧನ ಮಾತನ್ನು "ಹಂಬಲವೇ ದುಃಖದ ಮೂಲ" ಅನ್ನುವ ಒಂದು ಸಾಲಿಗೆ ಇಳಿಸಿಕೊಂಡವರಿಗೆ ಇದು ಕಷ್ಟ. ಇಲ್ಲಿ ಹಂಬಲ ಇದೆ. ಅದು ನೋಯಿಸುತ್ತಲೂ ಇದೆ. ಆದರೂ ಅವಳು ಅದನ್ನು ತಪ್ಪು ಅನ್ನುವುದಿಲ್ಲ. ಸಾಮಾನ್ಯ ದುಃಖದಲ್ಲಿ ನಾವು ಯಾರನ್ನೋ, ಯಾವುದನ್ನೋ ತಳ್ಳುತ್ತೇವೆ. ಹೀಗಾಗಬಾರದಿತ್ತು, ಅವನು ಹೀಗೆ ಮಾಡಬಾರದಿತ್ತು ಅಂತ. ಬಿಡುಗಡೆಗಾಗಿ ನೋಯುವವನು ಯಾರನ್ನೂ ತಳ್ಳುತ್ತಿಲ್ಲ. ಅವನ ನೋವು ಮುಂದಕ್ಕೆ ಎಳೆಯುತ್ತದೆ.

ಇಲ್ಲಿಗೆ ಬಂದಾಗಲೆಲ್ಲ ನನಗೆ ಆ ಮೆಟ್ಟಿಲು, ಚಾಚಿದ ಕೈ ನೆನಪಾಗುತ್ತದೆ. ಅವತ್ತು ಅವಳಿಗೆ ಆದದ್ದು ಸಣ್ಣ ನೋವಲ್ಲ. ಆ ನೋವಿಗೆ ಪಟಿಘ ಅಂಟಿಕೊಳ್ಳಲು ಎಲ್ಲ ಕಾರಣವೂ ಇತ್ತು. ಈಗ ಅದೇ ಮನುಷ್ಯ ಎದುರಿಗೆ ಕೂತು, ಎಲ್ಲ ದುಃಖದಲ್ಲೂ ಸಿಡುಕು ಇರುತ್ತದಾ ಅಂತ ಕೇಳುತ್ತಿದ್ದಾನೆ. ಅವಳು ಇಲ್ಲ ಅನ್ನುತ್ತಾಳೆ. ತನ್ನ ಹೆಸರು ಎತ್ತುವುದಿಲ್ಲ. ಉದಾಹರಣೆಯನ್ನು ಯಾರೋ ಒಬ್ಬ ಸಾಧಕನ ಮೇಲೆ ಹಾಕಿ ಹೇಳುತ್ತಾಳೆ.

ಮೂರನೆಯದಕ್ಕೆ ಅವಳು ನಾಲ್ಕನೆಯ ಝಾನ ಹೇಳಿದಳು. ಸುಖ ದುಃಖ ಎರಡೂ ಹೋಗಿ, ಸಮಚಿತ್ತದಿಂದ ಎಚ್ಚರ ತಿಳಿಯಾದ ಸ್ಥಿತಿ. ಅಲ್ಲಿ ಹಿತವೂ ಇಲ್ಲ, ನೋವೂ ಇಲ್ಲ, ಹಾಗಂತ ಮಂಕೂ ಇಲ್ಲ. ಹಾಗಾಗಿ ಅವಿದ್ಯೆ ಅಡಗುವುದಕ್ಕೆ ಜಾಗವಿಲ್ಲ.

ವಿಸಾಖನಿಗೆ ಇನ್ನೂ ಸಾಕಾಗಲಿಲ್ಲ. ಈಗ ಅವನು ಜೋಡಿಗಳನ್ನು ಕೇಳತೊಡಗಿದ. ಸುಖಕ್ಕೆ ಎದುರಾಗಿ ನಿಲ್ಲುವುದು ಯಾವುದು? ದುಃಖ. ದುಃಖಕ್ಕೆ? ಸುಖ. ಎರಡೂ ಅಲ್ಲದ್ದಕ್ಕೆ? ಅವಿದ್ಯೆ. ಅವಿದ್ಯೆಗೆ? ವಿದ್ಯೆ. ವಿದ್ಯೆಗೆ? ವಿಮುಕ್ತಿ. ವಿಮುಕ್ತಿಗೆ? ನಿಬ್ಬಾಣ, ಅಂದರೆ ನಿರ್ವಾಣ.

ಈ ಸರಣಿಯಲ್ಲಿ ಒಂದು ವಿಷಯ ಗಮನಿಸಿ. ಶುರುವಿನಲ್ಲಿ ಅವು ಒಂದಕ್ಕೊಂದು ವಿರುದ್ಧ: ಸುಖ ಮತ್ತು ದುಃಖ, ಅವಿದ್ಯೆ ಮತ್ತು ವಿದ್ಯೆ. ಆದರೆ ವಿದ್ಯೆಗೆ ವಿಮುಕ್ತಿ ವಿರುದ್ಧವಲ್ಲ, ಅದರ ಫಲ. ಅಂದರೆ ನಡುವೆ ಎಲ್ಲೋ ಆಟದ ನಿಯಮ ಬದಲಾಗಿದೆ. ವಿಸಾಖ ಅದನ್ನು ಗಮನಿಸದೆ ಅದೇ ಓಟದಲ್ಲಿ ಕೇಳಿಬಿಟ್ಟ: "ಅಯ್ಯೇ, ನಿಬ್ಬಾಣಕ್ಕೆ ಜೋಡಿ ಯಾವುದು?"

"ಪ್ರಶ್ನೆ ಮೇರೆ ದಾಟಿತು, ವಿಸಾಖ. ಪ್ರಶ್ನೆಗಳಿಗೆ ಎಲ್ಲಿ ಕೊನೆ ಅನ್ನುವುದು ನಿನಗೆ ಸಿಗಲಿಲ್ಲ. ಈ ಬ್ರಹ್ಮಚರ್ಯ ನಿಬ್ಬಾಣಕ್ಕೆ ಇಳಿಯುವಂಥದ್ದು, ನಿಬ್ಬಾಣದ ಕಡೆಗೇ ಹೋಗುವಂಥದ್ದು, ನಿಬ್ಬಾಣದಲ್ಲೇ ಮುಗಿಯುವಂಥದ್ದು. ಬೇಕಿದ್ದರೆ ಭಗವಂತರ ಹತ್ತಿರ ಹೋಗಿ ಇದನ್ನೇ ಕೇಳು. ಅವರು ಹೇಳಿದ ಹಾಗೆ ನೆನಪಿಟ್ಟುಕೋ."

ಇದನ್ನು ಓದುವಾಗ ಬೃಹದಾರಣ್ಯಕ ಉಪನಿಷತ್ತಿನ ಗಾರ್ಗಿ ಕಣ್ಣಮುಂದೆ ಬರುತ್ತಾಳೆ. ಜನಕನ ಸಭೆಯಲ್ಲಿ ಅವಳೂ ಹೀಗೇ ಸರಣಿ ಹಿಡಿದು ಕೇಳುತ್ತಾಳೆ: ಇದು ಯಾವುದರಲ್ಲಿ ನೇಯ್ದುಕೊಂಡಿದೆ, ಅದು ಯಾವುದರಲ್ಲಿ ಅಂತ. ಬ್ರಹ್ಮಲೋಕದವರೆಗೆ ಬಂದು, ಅದು ಯಾವುದರಲ್ಲಿ ಅಂದಾಗ ಯಾಜ್ಞವಲ್ಕ್ಯ ತಡೆಯುತ್ತಾನೆ. ಅತಿಯಾಗಿ ಕೇಳಬೇಡ ಗಾರ್ಗಿ, ನಿನ್ನ ತಲೆ ಉರುಳೀತು ಅನ್ನುತ್ತಾನೆ. ಎರಡು ಕಡೆಯೂ ಪ್ರಶ್ನೆಗೆ ಮೇರೆ ಇದೆ ಅನ್ನುವುದು ಒಂದೇ. ಆದರೆ ವೇಳುವನದಲ್ಲಿ ತಡೆದವಳು ಹೆಂಗಸು, ತಡೆಸಿಕೊಂಡವನು ಗಂಡಸು. ತಲೆ ಉರುಳುವ ಮಾತಿಲ್ಲ. ಯಾಕೆ ನಿಲ್ಲಿಸಿದೆ ಅನ್ನುವುದಕ್ಕೆ ಕಾರಣ ಕೊಟ್ಟಳು. ನನ್ನ ಮಾತಿನಲ್ಲಿ ನಂಬಿಕೆ ಇಲ್ಲದಿದ್ದರೆ ಮೇಲಿನವರನ್ನು ಕೇಳು ಅಂತ ದಾರಿಯನ್ನೂ ತೋರಿಸಿದಳು. ವಾದ ಮಾಡುವವರಲ್ಲಿ ಇಷ್ಟು ನಿರಾಳವಾಗಿ ತನ್ನ ಉತ್ತರವನ್ನು ಪರೀಕ್ಷೆಗೆ ಬಿಟ್ಟುಕೊಡುವವರು ಕಡಿಮೆ. ನನಗೆ ಅವಳ ಮೇಲೆ ತುಂಬ ಗೌರವ ಹುಟ್ಟುವುದು ಇಲ್ಲೇ.

ವಿಸಾಖ ಎದ್ದ. ಅವಳಿಗೆ ನಮಸ್ಕರಿಸಿ, ಬಲಕ್ಕೆ ಇಟ್ಟುಕೊಂಡು ಪ್ರದಕ್ಷಿಣೆ ಬಂದ. ನೇರ ಬುದ್ಧನ ಬಳಿಗೆ ಹೋಗಿ ನಡೆದ ಮಾತುಕತೆಯನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದ.

ಬುದ್ಧ ಅಂದ: "ಧಮ್ಮದಿನ್ನಾ ಭಿಕ್ಖುಣಿ ಪಂಡಿತೆ, ವಿಸಾಖ. ಮಹಾಪ್ರಜ್ಞೆ ಇರುವವಳು. ನೀನು ನನ್ನನ್ನು ಕೇಳಿದ್ದರೂ ನಾನು ಅವಳು ಹೇಳಿದ ಹಾಗೇ ಹೇಳುತ್ತಿದ್ದೆ. ಅದರ ಅರ್ಥ ಅದೇ. ಹಾಗೇ ನೆನಪಿಟ್ಟುಕೋ."

ಅಷ್ಟೇ. ನಿಬ್ಬಾಣದ ಜೋಡಿ ಯಾವುದು ಅಂತ ಬುದ್ಧನೂ ಹೇಳಲಿಲ್ಲ. ಅವಳು ಬಿಟ್ಟದ್ದನ್ನು ತುಂಬಲಿಲ್ಲ, ಹೇಳಿದ್ದನ್ನು ತಿದ್ದಲಿಲ್ಲ, ಇನ್ನೊಂದು ಮಾತು ಸೇರಿಸಲೂ ಇಲ್ಲ. ಅಂಗುತ್ತರ ನಿಕಾಯ ಅನ್ನುವ ಇನ್ನೊಂದು ಸಂಗ್ರಹದಲ್ಲಿ ಯಾವ ಯಾವ ಶಿಷ್ಯರು ಯಾವುದರಲ್ಲಿ ಮೊದಲಿಗರು ಅಂತ ಬುದ್ಧ ಒಬ್ಬೊಬ್ಬರನ್ನೇ ಹೆಸರಿಸುತ್ತಾ ಹೋಗುತ್ತಾನೆ. ಭಿಕ್ಖುಣಿಯರಲ್ಲಿ ಧಮ್ಮವನ್ನು ವಿವರಿಸಿ ಹೇಳುವುದರಲ್ಲಿ ಮೊದಲಿಗಳು ಯಾರು ಅನ್ನುವ ಕಡೆ ಅವನು ಹೇಳುವ ಹೆಸರು ಧಮ್ಮದಿನ್ನಾ.